ತಡೆದ ಹೆಸರುಗಳ ಪಟ್ಟಿ

ನಮ್ಮ ಮನೆಯಲ್ಲಿ ಬೆಳಗಿನ ಚಹಾದ ಜೊತೆ ಪಟ್ಟಿ ಓದುವ ಪದ್ಧತಿಯನ್ನು ಶುರು ಮಾಡಿದವಳು ನಾನೇ. ಬೇರೆ ಯಾರನ್ನೂ ದೂರುವಂತಿಲ್ಲ. ದೂರಬೇಕು ಅನ್ನಿಸಿದಾಗಲೆಲ್ಲ ಇದು ನೆನಪಾಗಿ ಇನ್ನಷ್ಟು ಸಿಟ್ಟು ಬರುತ್ತದೆ.

ಅಥಣಿ ಹತ್ತಿರ ಐಗಳಿಯ ಕಡೆ ದ್ರಾಕ್ಷಿ ತೋಟದ ನಡುವೆ ನಮ್ಮ ಮನೆ. ಮಾವ, ಅತ್ತೆ, ಭಾವ, ನೆಗೆಣ್ಣಿ, ಅವರ ಹದಿನೆಂಟು ವರ್ಷದ ಮಗಳು. ಮತ್ತೆ ನಾನು, ನನ್ನ ಗಂಡ, ನಮ್ಮ ಐದು ವರ್ಷದ ಮಗಳು. ಮೊಬೈಲ್ ಸಿಗ್ನಲ್ ಗೋಡೆ ದಾಟಿ ಒಳಗೆ ಬರುವುದಿಲ್ಲ. ಮಾಳಿಗೆ ಹತ್ತಿದರೆ ಸಿಗುತ್ತದೆ, ಆದರೆ ಮಾಳಿಗೆಯ ಮೇಲೆ ಫೋನ್ ಹಿಡಿದು ನಿಂತ ಸೊಸೆ ಇಡೀ ತೋಟಕ್ಕೆ ಕಾಣುತ್ತಾಳೆ. ಹೀಗಾಗಿ ಮನೆಗೆ ವೈಫೈ ಹಾಕಿಸಿದರು. ಎಲ್ಲರ ಫೋನು, ಹಾಲಿನ ದೊಡ್ಡ ಟಿವಿ, ಎಲ್ಲವೂ ಅದರ ಮೇಲೆಯೇ ನಡೆಯುತ್ತವೆ.

ಒಂದು ಭಾನುವಾರ ಮಿರಜದಿಂದ ಬೀಗರು ಬಂದಿದ್ದರು. ಭಾವ ದೊಡ್ಡಸ್ತಿಕೆ ತೋರಿಸಲು ಹೋಗಿ ಟಿವಿಯಲ್ಲಿ ಯಾವುದೋ ಪುಕ್ಕಟೆ ಸೈಟು ತೆರೆದು ಕ್ರಿಕೆಟ್ ಹಚ್ಚಿದರು. ಓವರ್ ಮುಗಿಯುವ ಮೊದಲೇ ತೆರೆಯ ತುಂಬ ಮೈಮೇಲೆ ಅರಿವೆ ಇಲ್ಲದ ಹೆಂಗಸು ಪ್ರತ್ಯಕ್ಷಳಾದಳು. ಭಾವ ರಿಮೋಟು ಹುಡುಕಿದರು, ಸಿಗಲಿಲ್ಲ. ಅತ್ತೆ ತಲೆಯ ಮೇಲಿನ ಸೆರಗನ್ನು ಮುಖದವರೆಗೆ ಎಳೆದುಕೊಂಡರು. ಮಾವ ಎದ್ದು ಹೋಗಿ ಮೇನ್ ಸ್ವಿಚ್ಚನ್ನೇ ಆರಿಸಿದರು.

"ಇಂಥಾದ್ದು ಮನಿಯಾಗ ಬರಬಾರ್ದು. ಬಂದ್ ಮಾಡಾಕ ಏನರ ಐತೇನವಾ?" ಎಂದು ಬೀಗರು ಹೋದ ಮೇಲೆ ಮಾವ ನನ್ನನ್ನು ಕೇಳಿದರು. ಮದುವೆಗೆ ಮುಂಚೆ ನಿಪ್ಪಾಣಿಯ ಒಂದು ಶಾಲೆಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಮದುವೆಯಾದ ಮೇಲೆ ಅದನ್ನು ಬಿಡಿಸಿದ್ದರು. ಆರು ವರ್ಷದಲ್ಲಿ ಆ ಮನೆಯಲ್ಲಿ ನನ್ನ ವಿದ್ಯೆಯನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ನಾನು ಉಬ್ಬಿಹೋದೆ.

ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರ್ ತರಿಸಿ ರೂಟರಿನ ಪಕ್ಕ ಇಟ್ಟೆ. ಅದರ ಕೆಲಸ ಸರಳ. ನಾವು ಫೋನಿನಲ್ಲಿ ಒಂದು ಸೈಟಿನ ಹೆಸರು ಒತ್ತಿದಾಗ, ಆ ಹೆಸರಿನ ಅಂಕಿಯ ವಿಳಾಸ ಯಾವುದು ಎಂದು ಫೋನು ಮೊದಲು ಯಾರನ್ನಾದರೂ ಕೇಳಲೇಬೇಕು. ಇನ್ನು ಮುಂದೆ ಈ ಡಬ್ಬಿಯನ್ನೇ ಕೇಳಿ ಎಂದು ರೂಟರಿನಿಂದ ಮನೆಯ ಎಲ್ಲ ಫೋನುಗಳಿಗೂ ಟಿವಿಗೂ ಹೇಳಿಸಿದೆ. ಡಬ್ಬಿಯಲ್ಲಿ ಬೇಡದ ಸೈಟುಗಳ ಉದ್ದನೆಯ ಪಟ್ಟಿಗಳಿರುತ್ತವೆ. ಎಲ್ಲೋ ಕುಳಿತ ಯಾರೋ ಮಾಡಿದ್ದು, ನಾವು ಇಳಿಸಿಕೊಂಡದ್ದು. ಕೇಳಿದ ಹೆಸರು ಅದರಲ್ಲಿದ್ದರೆ ಡಬ್ಬಿ ವಿಳಾಸ ಕೊಡುವುದಿಲ್ಲ, ಸೈಟು ತೆರೆಯುವುದಿಲ್ಲ. ಒಂದೊಂದು ಫೋನಿಗೆ ಬೇರೆ ಬೇರೆ ಏನೂ ಹಾಕಬೇಕಾಗಿಲ್ಲ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಯಾವ ಫೋನು ಎಷ್ಟು ಹೊತ್ತಿಗೆ ಯಾವ ಹೆಸರು ಕೇಳಿತು ಎಂದು ಡಬ್ಬಿ ಬರೆದಿಡುತ್ತದೆ ಎನ್ನುವುದನ್ನೂ ಜಂಬದಿಂದ ಮಾವನಿಗೆ ತೋರಿಸಿದೆ. ಡಬ್ಬಿಗೆ ಗೊತ್ತಾಗುವುದು ಪ್ರತಿ ಫೋನಿಗೆ ರೂಟರು ಕೊಟ್ಟ ಅಂಕಿ ಮಾತ್ರ. ಓದಲು ಸುಲಭವಾಗಲಿ ಎಂದು ಪ್ರತಿ ಅಂಕಿಯ ಮುಂದೆ ಆಯಾ ಮನುಷ್ಯರ ಹೆಸರನ್ನು ನಾನೇ ಬರೆದಿಟ್ಟೆ. ಮಾವ ಕನ್ನಡಕ ಒರೆಸಿಕೊಂಡು, "ದಿನಾ ಮುಂಜಾನಿ ಓದಿ ಹೇಳವಾ. ತಡದದ್ದಷ್ಟ ಸಾಕು," ಎಂದರು.

ಮೊದಮೊದಲು ಅದೊಂದು ತಮಾಷೆಯಾಗಿತ್ತು. ಯಾರೂ ಮುಟ್ಟದ ಟಿವಿ ತಾನಾಗಿಯೇ ಜಾಹೀರಾತು ಕಂಪನಿಗಳ ಹೆಸರು ಸಾವಿರ ಸಲ ಕೇಳುತ್ತಿತ್ತು. ಒಮ್ಮೆ ಮಾವನ ಫೋನೇ ಜೂಜಿನ ಸೈಟು ಕೇಳಿದ್ದು ಬಂತು. ಅವರು ಪೇಟೆ ದರ ನೋಡುವ ಪುಟದಲ್ಲಿದ್ದ ಜಾಹೀರಾತಿನ ಕಿತಾಪತಿ ಅದು. ಎಲ್ಲರೂ ನಕ್ಕರು. ಹದಿನೈದು ದಿನದಲ್ಲಿ ನಗು ಕಡಿಮೆಯಾಯಿತು. ನಾನು ಲ್ಯಾಪ್‌ಟಾಪ್ ತೆರೆದರೆ ಭಾವ ಕಪ್ಪಿನೊಳಗೇ ನೋಡುತ್ತ ಕೂಡುತ್ತಿದ್ದರು. ನೆಗೆಣ್ಣಿ ಒಳಗಿನಿಂದ ಕಿವಿಗೊಡುತ್ತಿದ್ದಳು. ಮನೆಯವರ ಮೇಲೆ ನನಗೆ ಮೊದಲ ಬಾರಿಗೆ ಒಂದು ಹಿಡಿತ ಸಿಕ್ಕಿತ್ತು. ಅದು ನನಗೆ ಹಿಡಿಸಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ಸಾಲುಗಳನ್ನು ಮಾತ್ರ ನಾನು ಓದುತ್ತಿರಲಿಲ್ಲ. ನನ್ನ ಹೆಸರು ಬಂದ ಕೂಡಲೇ ಕಣ್ಣು ಕೆಳಗಿನ ಸಾಲಿಗೆ ಜಾರುತ್ತಿತ್ತು.

ಯಾಕೆಂದರೆ ನನಗೊಂದು ಗುಟ್ಟಿತ್ತು. ಮೊಮ್ಮಗ ಬೇಕೆಂದು ಅತ್ತೆ ಮೂರು ವರ್ಷದಿಂದ ನನ್ನನ್ನು ಡಾಕ್ಟರರಿಂದ ದೇವರಿಗೆ, ದೇವರಿಂದ ಡಾಕ್ಟರರಿಗೆ ಸುತ್ತಿಸುತ್ತಿದ್ದರು. ನಾನು ತವರಿಗೆ ಹೋದಾಗಲೆಲ್ಲ ನಿಪ್ಪಾಣಿಯ ಔಷಧಿ ಅಂಗಡಿಯಿಂದ ಬಸುರು ತಡೆಯುವ ಗುಳಿಗೆ ತಂದಿಟ್ಟುಕೊಂಡು ದಿನಾ ನುಂಗುತ್ತಿದ್ದೆ. ಇನ್ನೊಂದು ಬಸುರು ನನಗೆ ಬೇಡವಾಗಿತ್ತು. ಮಗಳು ಶಾಲೆಗೆ ಹೋದರೆ ನಾನೂ ಮತ್ತೆ ಕೆಲಸಕ್ಕೆ ಹೋಗಬೇಕು ಎನ್ನುವ ಆಸೆ. ಇದು ನನ್ನ ಗಂಡನಿಗೂ ಗೊತ್ತಿರಲಿಲ್ಲ.

ಒಂದು ವಾರ ತಲೆ ಸಿಡಿಯುತ್ತಿತ್ತು, ಕಣ್ಣ ಮುಂದೆ ಕಿಡಿ ಹಾರಿದಂತಾಗುತ್ತಿತ್ತು. ಗುಳಿಗೆಯಿಂದಲೇ ಇರಬಹುದೇ ಎಂದು ಹೆದರಿಕೆಯಾಯಿತು. ಯಾರನ್ನು ಕೇಳುವುದು? ಫೋನಿನಲ್ಲಿ ಒಂದು ಆರೋಗ್ಯದ ಸೈಟು ಹುಡುಕಿ ಒತ್ತಿದೆ. ತೆರೆಯಲಿಲ್ಲ. ಹೆಂಗಸರ ಮೈಯ ವಿಷಯವೆಂದರೆ ಎಲ್ಲವೂ ಹೊಲಸು ಎಂದು ತಿಳಿದ ಯಾರೋ ಅದನ್ನೂ ಬೇಡದ ಪಟ್ಟಿಗೆ ಸೇರಿಸಿದ್ದರು. ನಾನು ಕಟ್ಟಿದ ಬೇಲಿಗೆ ನಾನೇ ಹಾಯ್ದಿದ್ದೆ. ಫೋನು ಹೊಸದು, ಎರಡು ದಿನದ ಹಿಂದೆ ಗಂಡ ತಂದುಕೊಟ್ಟದ್ದು. ಡಬ್ಬಿಯಲ್ಲಿ ಅದಕ್ಕೆ ಇನ್ನೂ ಹೆಸರು ಹಚ್ಚಿರಲಿಲ್ಲ. ಪಟ್ಟಿಯಲ್ಲಿ ಬರೀ ಅಂಕಿ ಬರುತ್ತದೆ, ದಾಟಿಸಿ ಓದಿದರಾಯಿತು ಎಂದುಕೊಂಡೆ.

ಮರುದಿನ ಚಹಾದ ಹೊತ್ತಿಗೆ ಎಂದಿನಂತೆ ಓದುತ್ತ ಹೋದೆ. ಟಿವಿ. ಭಾವ. ಮತ್ತೆ ಟಿವಿ. ಆಮೇಲೆ ನೆಗೆಣ್ಣಿಯ ಮಗಳ ಹೆಸರು ಬಂತು; ಓದಿದೆ. ಅದರ ಮುಂದಿದ್ದ ಸೈಟಿನ ಹೆಸರನ್ನೂ ಅದೇ ದನಿಯಲ್ಲಿ ಓದಿದೆ. ಅದರಲ್ಲಿ 'ಪಿಲ್' ಎನ್ನುವ ಶಬ್ದವಿತ್ತು. ಆಶಾ ಕಾರ್ಯಕರ್ತೆಯ ಬಾಯಲ್ಲಿ ಕೇಳಿ ಕೇಳಿ ಆ ಶಬ್ದ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದು ಹಿಂದಿನ ದಿನ ನಾನೇ ಒತ್ತಿದ ಸೈಟು ಎಂದು ಹೊಳೆದದ್ದು ಬಾಯಿಂದ ಹೊರಬಿದ್ದ ಮೇಲೆ.

ಹುಡುಗಿ ನನ್ನ ಕಡೆ ತಿರುಗಿ ಒಂದೇ ಉಸಿರಿಗೆ ಹೇಳಿದಳು, "ಕಾಕು, ನನ್ನ ಫೋನ ಆಫ್ ಐತ್ರಿ. ಪರೀಕ್ಷಾ ಐತೆಂತ ನಾಕು ದಿನದ ಹಿಂದ ಬಂದ್ ಮಾಡಿ ಟ್ರಂಕಿನ್ಯಾಗ ಇಟ್ಟೀನಿ. ನಾ ಏನೂ ನೋಡಿಲ್ರಿ."

"ಲಿಸ್ಟ್ ಸುಳ್ಳ ಹೇಳತೈತೇನ ಮತ್ತ?" ಎಂದು ನೆಗೆಣ್ಣಿ ಬಂದವಳೇ ಮಗಳ ಕೆನ್ನೆಗೆ ಬಾರಿಸಿದಳು. ಭಾವ ಟ್ರಂಕು ತೆಗೆಸಿ ಫೋನು ಕಸಿದುಕೊಂಡರು. ಕಾಲೇಜು ಬಂದ್ ಎಂದರು. ಪರೀಕ್ಷೆಗೆ ಐದು ದಿನವಿತ್ತು.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ರೂಟರಿನ ಪುಟ ತೆರೆದೆ. ಅರ್ಥವಾಗಲು ಹತ್ತು ನಿಮಿಷವೂ ಬೇಕಾಗಲಿಲ್ಲ. ರೂಟರು ಫೋನುಗಳಿಗೆ ಅಂಕಿಯನ್ನು ಖಾಯಂ ಕೊಡುವುದಿಲ್ಲ, ಒಂದು ದಿನದ ಮಟ್ಟಿಗೆ ಕೊಡುತ್ತದೆ. ಬಳಕೆಯಲ್ಲಿರುವ ಫೋನು ಅದನ್ನೇ ಉಳಿಸಿಕೊಳ್ಳುತ್ತ ಹೋಗುತ್ತದೆ. ಹುಡುಗಿಯ ಫೋನು ನಿಜವಾಗಿಯೂ ಆಫ್ ಇತ್ತು. ಅದರ ಅಂಕಿ ಖಾಲಿಯಾಗಿತ್ತು. ಹೊಸದಾಗಿ ಬಂದ ನನ್ನ ಫೋನಿಗೆ ರೂಟರು ಅದನ್ನೇ ಎತ್ತಿ ಕೊಟ್ಟಿತ್ತು. ಅಂಕಿಯ ಮುಂದೆ ನಾನು ಬರೆದ ಹುಡುಗಿಯ ಹೆಸರು ಮಾತ್ರ ಹಾಗೆಯೇ ಉಳಿದಿತ್ತು.

ಆಗಲೇ ಹೊರಗೆ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಮೂರು ದಿನ ಹೇಳಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಆ ಮೂರು ದಿನ ಹುಡುಗಿ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಶೇಂಗಾ ಸುಲಿದಳು. ನಾನು ಎದುರಿಗೆ ಬಂದರೆ ಮುಖ ಎತ್ತಿ ನೋಡುತ್ತಿದ್ದಳು. ಕಾಕು ಕಲಿತವಳು, ಏನಾದರೂ ಮಾಡುತ್ತಾಳೆ ಎನ್ನುವ ನಂಬಿಕೆಯಿಂದ. ನಾನು ನೀರು ಕುಡಿಯುವ ನೆವ ಮಾಡಿ ಹೊರಗೆ ಬರುತ್ತಿದ್ದೆ. ಹೇಳಿದರೆ ನನ್ನ ಸಂಸಾರ, ಹೇಳದಿದ್ದರೆ ಅವಳ ಬಾಳು. ಮೂರನೆಯ ದಾರಿಗಾಗಿ ತಲೆ ಕೆರೆದುಕೊಂಡೆ, ಸಿಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ನೆಗೆಣ್ಣಿ ಹೊಸ ಸೀರೆ ಉಟ್ಟು ನಿಂತಿದ್ದಳು. ಮಗಳನ್ನು ಅಥಣಿಗೆ ಡಾಕ್ಟರರ ಹತ್ತಿರ ಒಯ್ದು ತಪಾಸಣೆ ಮಾಡಿಸುವುದಿತ್ತು. ಅದು ಮುಗಿದರೆ ಮಿರಜದ ಬೀಗರು ಹೇಳಿದ ವರನಿಗೆ ತೋರಿಸುವುದು. ಹುಡುಗಿ ಚಪ್ಪಲಿ ಮೆಟ್ಟದೆ ಹೊಸ್ತಿಲಲ್ಲೇ ನಿಂತಿದ್ದಳು. ಅಳುತ್ತಿರಲಿಲ್ಲ.

"ಮಾವಾರ, ಯಂತ್ರದ್ದು ತಪ್ಪಾಗೇತ್ರಿ," ಎಂದೆ. ಅಂಕಿ ಬದಲಾಗುವ ವಿಷಯವನ್ನು ಬಿಡಿಸಿ ಹೇಳಿದೆ. ಅದು ಇವಳ ಫೋನು ಅಲ್ಲವೇ ಅಲ್ಲ ಎಂದೆ. ಅಷ್ಟರಲ್ಲೇ ಮುಗಿಯಲಿ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ.

ಮಾವ ದಡ್ಡರಲ್ಲ. ಎಲ್ಲವನ್ನೂ ಕೇಳಿ, ಕಪ್ಪು ಕೆಳಗಿಟ್ಟು, "ಹಂಗಾರ ಯಾರದವಾ?" ಎಂದರು.

ಅತ್ತೆ ನನ್ನ ಕಡೆ ತಿರುಗಿದರು. ನನ್ನ ಗಂಡ ಬೈಕಿನ ಕೀಲಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಂದ್ರಿ," ಎಂದೆ. "ಗುಳಿಗಿ ತಗೊಳ್ಳಾಕಿ ನಾನ. ಮೂರು ವರ್ಷ ಆತು."

ಅತ್ತೆ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು. ನೆಗೆಣ್ಣಿ ಸೀರೆಯ ಸೆರಗಿನಲ್ಲಿ ಮಗಳ ಮುಖ ಒರೆಸಿದಳು. ನನ್ನ ಗಂಡ, "ನನಗರ ಹೇಳಬೇಕಿತ್ತು," ಎಂದಷ್ಟೇ ಹೇಳಿ ಬೈಕು ಹತ್ತಿದರು.

ಹುಡುಗಿಗೆ ಫೋನು ಮರಳಿ ಸಿಕ್ಕಿತು, ಪರೀಕ್ಷೆಗೂ ಹೋದಳು. ಇನ್ನು ಒಬ್ಬರ ಸಾಲು ಇನ್ನೊಬ್ಬರ ತಲೆಗೆ ಬರಬಾರದೆಂದು ನಾನು ರೂಟರಿನಲ್ಲಿ ಪ್ರತಿ ಫೋನಿಗೂ ಅದರದೇ ಅಂಕಿಯನ್ನು ಖಾಯಂ ಮಾಡಿ ಕಟ್ಟಿಹಾಕಿದೆ. ನನ್ನದಕ್ಕೂ ನನ್ನ ಹೆಸರು ಬರೆದೆ. ಹಾಗೆ ಬರೆದ ದಿನವೇ ಸಂಜೆ ಗಂಡ ಬಂದು ಡಬ್ಬಿಯ ಪಾಸ್‌ವರ್ಡ್ ಕೇಳಿದರು. ಒಂದು ಚೀಟಿಯಲ್ಲಿ ಬರೆದುಕೊಟ್ಟೆ.

ಈಗ ಬೆಳಿಗ್ಗೆ ಪಟ್ಟಿ ಓದುವವರು ಅವರು. ಟಿವಿಯ ಸಾಲುಗಳನ್ನು ಓದುವುದಿಲ್ಲ, ಅಣ್ಣನ ಸಾಲುಗಳನ್ನೂ ಓದುವುದಿಲ್ಲ. ನನ್ನ ಹೆಸರು ಬಂದಾಗ ಮಾತ್ರ ದನಿ ಸ್ವಲ್ಪ ಎತ್ತರಿಸುತ್ತಾರೆ. ನಾನು ಚಹಾ ಸೋಸುತ್ತ ಕೇಳಿಸಿಕೊಳ್ಳುತ್ತೇನೆ. ಒಂದು ಸಾಲೂ ತಪ್ಪಿರುವುದಿಲ್ಲ.