ನಾಲ್ಕು ಗಂಟೆಯ ಇನ್‌ಚಾರ್ಜ್

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ವಿಭಾಗ. ಆಪರೇಷನ್ನಿಗೆ ಬಳಸಿದ ಕತ್ತರಿ, ಚಿಮಟಗಳು ರಕ್ತ ಮೆತ್ತಿಕೊಂಡು ಒಂದು ಬಾಗಿಲಿನಿಂದ ಒಳಗೆ ಬರುತ್ತವೆ. ತೊಳೆದು, ಒಣಗಿಸಿ, ಪೊಟ್ಟಣ ಕಟ್ಟಿ, ಆವಿಯ ಯಂತ್ರದಲ್ಲಿಟ್ಟು ತೆಗೆದ ಮೇಲೆ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತವೆ. ನಾವೂ ಈ ಕಟ್ಟಡದಲ್ಲಿದ್ದೇವೆ ಎಂಬುದು ಮೇಲಿನ ಮಹಡಿಯವರಿಗೆ ನೆನಪಾಗುವುದು ಟ್ರೇ ಹತ್ತು ನಿಮಿಷ ತಡವಾದಾಗ ಮಾತ್ರ.

ನಾನಿಲ್ಲಿ ಮೂವತ್ತೆರಡು ವರ್ಷದಿಂದ ಇದ್ದೇನೆ. ಎಲ್ಲರಿಗೂ ದೊಡ್ಡಮ್ಮ. ಆದರೆ ಇದು ನನ್ನ ಕಥೆಯಲ್ಲ, ನಮ್ಮ ಇನ್‌ಚಾರ್ಜ್ ಹುಡುಗಿಯದು. ಹುಡುಗಿ ಅನ್ನುವುದು ನನ್ನ ಬಾಯಿಚಾಳಿ, ಅವಳಿಗೆ ಮೂವತ್ತಾರು ದಾಟಿದೆ. ಎಂಟು ಅಂದರೆ ಎಂಟಕ್ಕೇ ಬರುವವಳಾದ್ದರಿಂದ ನಾವಿಟ್ಟ ಹೆಸರು ಗಡಿಯಾರ. ಅವಳ ಮುಂದೆಯೇ ಹಾಗೆ ಕರೆಯುತ್ತೇವೆ, ಕರೆದರೆ ಓಗೊಡುತ್ತಾಳೆ.

ಯಂತ್ರದಿಂದ ಇಳಿದ ಯಾವ ಲೋಡೂ ಇನ್‌ಚಾರ್ಜ್ ಸಹಿಯಿಲ್ಲದೆ ಹೊರಗೆ ಹೋಗುವಂತಿಲ್ಲ. ಒಮ್ಮೆ ದೊಡ್ಡ ಸರ್ಜನ್ ಒಬ್ಬರು ಸ್ವತಃ ಮೆಟ್ಟಿಲಿಳಿದು ಬಂದು, "ಟ್ರೇ ಕೊಡಮ್ಮ, ಸಹಿ ಆಮೇಲೆ ಹಾಕ್ಕೋ," ಎಂದು ಗುಡುಗಿದರು. ಗಡಿಯಾರ ಒಂದು ಪೊಟ್ಟಣವನ್ನು ಅವರ ಅಂಗೈಗೆ ಒತ್ತಿದಳು. ಅದು ಒಳಗೆ ಇನ್ನೂ ಒದ್ದೆಯಿತ್ತು, ಒದ್ದೆಯಿದ್ದರೆ ಕ್ರಿಮಿ ಮತ್ತೆ ಒಳಸೇರುತ್ತದೆ. "ಇದನ್ನ ಯಾರ ಹೊಟ್ಟೆಯೊಳಗೆ ಹಾಕ್ತೀರಾ ಸಾರ್?" ಎಂದು ಕೇಳಿದಳು. ಸರ್ಜನ್ ಬಂದ ದಾರಿಗೆ ಸುಂಕವಿಲ್ಲ ಎನ್ನುವಂತೆ ಹೊರಟುಹೋದರು.

ಹೆರಿಗೆ ರಜೆಗೆ ಹೋಗುವ ಮುನ್ನ ಅವಳು ನನಗಾಗಿ ಒಂದು ಪುಸ್ತಕ ಬರೆಯತೊಡಗಿದಳು. ಯಾವ ಪರೀಕ್ಷೆ ಯಾವಾಗ, ಸಾಮಾನಿಗೆ ಯಾರನ್ನು ಕೇಳಬೇಕು, ಯಾವ ಸರ್ಜನ್ನಿಗೆ ಯಾವ ಟ್ರೇ, ಎಲ್ಲವೂ ಅದರಲ್ಲಿತ್ತು. ಆದರೆ ಮಗು ಏಳನೇ ತಿಂಗಳಿಗೇ ಹುಟ್ಟಿಬಿಟ್ಟಿತು. ಪುಸ್ತಕ ಹತ್ತೊಂಬತ್ತನೇ ಪುಟಕ್ಕೆ ನಿಂತಿತು. ಪರೀಕ್ಷೆ ಸರಿ ಬಂದರೆ ಏನು ಮಾಡಬೇಕೆಂಬುದು ಬರೆದಾಗಿತ್ತು, ಸರಿ ಬಾರದಿದ್ದರೆ ಏನು ಮಾಡಬೇಕೆಂಬುದು ಬರೆಯಲು ಉಳಿದಿತ್ತು. ಮಗು ಆರು ವಾರ ಗಾಜಿನ ಪೆಟ್ಟಿಗೆಯಲ್ಲಿತ್ತು. ರಜೆಯ ಮೇಲೆ ರಜೆ ಸೇರಿ ಹನ್ನೊಂದು ತಿಂಗಳಾಯಿತು.

ಆ ಹನ್ನೊಂದು ತಿಂಗಳು ಅವಳ ಕುರ್ಚಿಯಲ್ಲಿ ಕೂತವಳು ನಾನು. ಮುಚ್ಚಿಡುವುದೇನು, ಕುರ್ಚಿ ಹಿತವಾಗಿಯೇ ಇತ್ತು. ತೊಳೆಯುವ ತೊಟ್ಟಿಯ ಮುಂದೆ ಅರ್ಧ ಆಯಸ್ಸು ನಿಂತವಳಿಗೆ ಕೂತು ಸಹಿ ಹಾಕುವುದೆಂದರೆ ಸಣ್ಣ ವಿಷಯವಲ್ಲ. ಎಂಟನೇ ತಿಂಗಳಲ್ಲಿ ಆಫೀಸಿನಿಂದ ನನ್ನ ಸಹಿಗೆಂದು ಒಂದು ಹಾಳೆ ಬಂತು: 'ಇನ್‌ಚಾರ್ಜ್ ಅವರ ಗೈರುಹಾಜರಿಯಲ್ಲಿ ವಿಭಾಗವು ಯಾವುದೇ ತೊಂದರೆಯಿಲ್ಲದೆ ನಡೆಯುತ್ತಿದೆ.' ಹೊಗಳಿಕೆ ಅಂದುಕೊಂಡೆ. ದಿನಕ್ಕೆ ನಲವತ್ತು ಚೀಟಿಗೆ ಸಹಿ ಹಾಕುವ ಕೈ, ನಲವತ್ತೊಂದನೆಯದಕ್ಕೂ ಹಾಕಿತು. ಎದೆಯುಬ್ಬಿಸಿಕೊಂಡೇ ಹಾಕಿತು.

ರಜೆ ಮುಗಿಯಲು ಆರು ವಾರ ಇದ್ದಾಗ ಗಡಿಯಾರ ನನ್ನನ್ನು ಮನೆಗೆ ಕರೆದಳು. ಅವಳ ಗಂಡ, ಬಸ್ಸಿನ ಡ್ರೈವರ್, ಮಗುವನ್ನು ಹೆಗಲಿಗೆ ಹಾಕಿಕೊಂಡು ಕೋಣೆಯ ಉದ್ದಗಲ ಅಳೆಯುತ್ತಿದ್ದ. ಮೇಜಿನ ಮೇಲೆ ಎರಡು ಹಾಳೆಗಳಿದ್ದವು.

"ಒಮ್ಮೆಲೇ ಪೂರ್ತಿ ದಿನಕ್ಕೆ ಬರೋಕೆ ಆಗಲ್ಲ ದೊಡ್ಡಮ್ಮ. ಹಂತಹಂತವಾಗಿ ಬರ್ತೀನಿ ಅಂತ ಅರ್ಜಿ ಬರ್ದಿದೀನಿ. ಆಫೀಸಿಗೆ ಕೊಡೋ ಮೊದ್ಲು ನೀವು ನೋಡ್ಬೇಕು. ನಿಮ್ಮ ಕೆಲಸಾನೂ ಇದರಲ್ಲಿದೆ."

ಮೊದಲ ಹಾಳೆಯಲ್ಲಿ ವೇಳೆ. ಮೊದಲ ನಾಲ್ಕು ವಾರ ಬೆಳಿಗ್ಗೆ ಎಂಟರಿಂದ ಹನ್ನೆರಡು, ಏಕೆಂದರೆ ಶಿಶುವಿಹಾರದವರು ಹೊಸ ಮಗುವನ್ನು ಅಷ್ಟು ಹೊತ್ತು ಮಾತ್ರ ಇಟ್ಟುಕೊಳ್ಳುತ್ತಾರೆ. ಮುಂದಿನ ನಾಲ್ಕು ವಾರ ಎಂಟರಿಂದ ಎರಡು. ಒಂಬತ್ತನೇ ವಾರದಿಂದ ಮಾಮೂಲಿನಂತೆ ಎಂಟರಿಂದ ನಾಲ್ಕು. ಕಡಿಮೆ ಬೀಳುವ ಗಂಟೆಗಳನ್ನು ತನ್ನ ಬಾಕಿ ರಜೆಯಲ್ಲಿ ಹಿಡಿದುಕೊಳ್ಳಿ ಎಂದೂ ಬರೆದಿದ್ದಳು. ಪ್ರತಿ ಹಂತ ಮುಗಿದಾಗ ಮೇಟ್ರನ್ ಜೊತೆ ಕೂತು ಹೇಗಾಯಿತೆಂದು ನೋಡುವುದು.

ಎರಡನೇ ಹಾಳೆಯಲ್ಲಿ ಕೆಲಸ. ಮೊದಲ ಹಂತದಲ್ಲಿ ಬೆಳಗಿನ ಯಂತ್ರ ಪರೀಕ್ಷೆ ಮತ್ತು ಹನ್ನೆರಡರೊಳಗಿನ ಲೋಡುಗಳ ಸಹಿ ಅವಳದು, ಉಳಿದದ್ದು ನನ್ನದು. ಎರಡನೇ ಹಂತದಲ್ಲಿ ಡ್ಯೂಟಿ ಪಟ್ಟಿ, ಸಾಮಾನಿನ ದಾಸ್ತಾನು ಅವಳಿಗೆ. ಮೂರನೆಯದರಲ್ಲಿ ಎಲ್ಲವೂ. ಒಂದೊಂದು ಕೆಲಸ ಕೈ ಬದಲಾಯಿಸುವಾಗಲೂ ತಾರೀಖು ಹಾಕಿ ಇಬ್ಬರೂ ಸಹಿ ಮಾಡುವುದು. ಹನ್ನೆರಡು ಗಂಟೆಗೆ ಅರ್ಧಕ್ಕೆ ನಿಂತ ಲೋಡು ಯಾರದೆಂದು ಕೂಡ ಬರೆದಿದ್ದಳು: ಯಂತ್ರದ ಬಾಗಿಲು ತೆರೆದು ನೋಡಿದವರದು.

ಅಚ್ಚುಕಟ್ಟಾಗಿತ್ತು, ನಿಜ. ಆದರೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ನಿಮ್ಮ ಕಾಲವೇ ಚೆಂದ ಕಣೆ. ನಾನು ಮೂರು ಹೆತ್ತೆ. ನಲವತ್ತನೇ ದಿನ ತೊಟ್ಟಿ ಮುಂದೆ ನಿಂತಿದ್ದೆ," ಎಂದೆ.

"ಕಷ್ಟ ಆಗ್ಲಿಲ್ವಾ?"

"ಎದೆಹಾಲು ಸೋರಿ ಏಪ್ರನ್ ಒದ್ದೆ ಆಗೋದು. ನಲ್ಲಿ ನೀರು ಸಿಡೀತು ಅಂತಿದ್ದೆ."

ಹೇಳಿದ ಮೇಲೆ ನನಗೇ ಕೇಳಿಸಿತು, ಏನು ಹೇಳಿದೆ ಎಂದು. ಮೂವತ್ತು ವರ್ಷ ಅದನ್ನು ದೊಡ್ಡಸ್ತಿಕೆ ಎಂದುಕೊಂಡು ಓಡಾಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. "ಕೊಡು, ಎಲ್ಲಿ ಸಹಿ ಹಾಕ್ಬೇಕು?" ಎಂದೆ.

ಅರ್ಜಿ ಹೋಯಿತು. ನಾಲ್ಕು ವಾರ ಅದರ ಸುದ್ದಿಯೇ ಇಲ್ಲ. ಗಡಿಯಾರ ಎರಡು ಸಲ ನೆನಪೋಲೆ ಕಳಿಸಿದಳು. ಐದನೇ ವಾರ ಉತ್ತರ ಬಂತು: ವೇಳೆಗೆ ಒಪ್ಪಿಗೆಯಿದೆ. ಆದರೆ ನಾಲ್ಕು ಗಂಟೆ ಬರುವವರು ಇನ್‌ಚಾರ್ಜ್ ಆಗಿರಲು ಸಾಧ್ಯವಿಲ್ಲ. ಅವರು ಪ್ಯಾಕಿಂಗ್ ಮೇಜಿಗೆ ಬರಲಿ. 'ಹಾಲಿ ವ್ಯವಸ್ಥೆಯು ಯಾವುದೇ ತೊಂದರೆಯಿಲ್ಲದೆ ನಡೆಯುತ್ತಿದೆ ಎಂದು ಹಂಗಾಮಿ ಇನ್‌ಚಾರ್ಜ್ ಲಿಖಿತವಾಗಿ ತಿಳಿಸಿರುವುದರಿಂದ' ಅವರನ್ನೇ ಖಾಯಂ ಮಾಡಲಾಗುವುದು.

ಹಂಗಾಮಿ ಎಂದರೆ ನಾನು! ನನ್ನ ಸಹಿಯನ್ನೇ ಕತ್ತರಿ ಮಾಡಿ ಅವಳ ಕೆಲಸ ಕತ್ತರಿಸಿದ್ದರು. ಮೈಯೆಲ್ಲ ಉರಿದುಹೋಯಿತು. ಎರಡು ತಿಂಗಳ ಮಟ್ಟಿಗೆ ಕಡಿಮೆ ಗಂಟೆ ಕೊಡಿ ಎಂದು ಕೇಳಿದವಳಿಂದ ಹದಿಮೂರು ವರ್ಷ ದುಡಿದು ಪಡೆದ ಹುದ್ದೆಯನ್ನೇ ಕಿತ್ತುಕೊಳ್ಳುವುದೆಂದರೆ ಏನು? ಅದನ್ನೂ ಒಪ್ಪಿಗೆ ಎಂಬ ಮಾತಿನಲ್ಲಿ ಸುತ್ತಿ ಕೊಡುತ್ತಾರಲ್ಲ, ಅದು ನೆತ್ತಿಗೇರಿದ್ದು.

ಫೋನ್ ಮಾಡಿದೆ. ಅವಳು ಬೈಯಲಿಲ್ಲ. "ನೀವು ಬೇಕು ಅಂತ ಮಾಡಿಲ್ಲ, ಗೊತ್ತು. ಆದ್ರೆ ದೊಡ್ಡಮ್ಮ, ತೊಂದರೆ ಆಗಿತ್ತಲ್ವಾ?" ಎಂದಳಷ್ಟೇ.

ಆಗಿತ್ತು. ಆ ಹಾಳೆ ಬರುವ ಮುಂಚೆಯೇ ಎರಡು ಸಲ ಆಗಿತ್ತು. ಅದು ಹೇಗೆ ಸರಿಹೋಯಿತೆಂಬುದು ಅವಳನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಖಾಲಿ ಯಂತ್ರದ ಪರೀಕ್ಷೆಯ ಹಾಳೆ ಎಲ್ಲ ಕಡೆ ಕಪ್ಪಾಗುವ ಬದಲು ನಡುವೆ ತೆಳುವಾಗಿ ಉಳಿದಿತ್ತು. ಒಳಗೆ ಗಾಳಿ ಉಳಿದಿದೆ, ಆವಿ ಎಲ್ಲ ಕಡೆ ಹೋಗುತ್ತಿಲ್ಲ ಎಂದು ಅದರರ್ಥ. ಇನ್ನೊಮ್ಮೆ ಜೀವಾಣು ಹಾಕಿಟ್ಟ ಪರೀಕ್ಷಾ ಬಾಟಲಿ ಬಣ್ಣ ಬದಲಾಯಿಸಿತ್ತು, ಎಂದರೆ ಸಾಯಬೇಕಾದದ್ದು ಸತ್ತಿರಲಿಲ್ಲ. ಎರಡೂ ಸಲ ಕೊನೆಗೆ ಅವಳಿಗೇ ಫೋನ್ ಮಾಡಿದ್ದೆ. ಯಂತ್ರ ನಿಲ್ಲಿಸಿ, ಹಿಂದಿನ ಸರಿಬಂದ ಪರೀಕ್ಷೆಯ ನಂತರ ಹೋದ ಲೋಡುಗಳನ್ನೆಲ್ಲ ವಾಪಸ್ಸು ತರಿಸಿ ಎಂದು ಆ ಹೆಣ್ಣು ನಿಧಾನವಾಗಿ, ಒಂದೊಂದಾಗಿ ಹೇಳಿದ್ದಳು. ವಾಪಸ್ಸು ಬಂದದ್ದನ್ನು ರಿಜಿಸ್ಟರಿನಲ್ಲಿ ಬರೆದೆ. ಹೇಳಿಕೊಟ್ಟವರು ಯಾರೆಂದು ಬರೆಯಲಿಲ್ಲ. ಹೆಮ್ಮೆ ಬಿಡಲಿಲ್ಲ.

ಈಗ ಬಾಯಿ ಬಿಟ್ಟರೆ ಕುರ್ಚಿ ಹೋಗುತ್ತದೆ, ಜೊತೆಗೆ ಮಾನವೂ. ಬಿಡದಿದ್ದರೆ ಅವಳ ಜೀವನ ಹೋಗುತ್ತದೆ. ನಿವೃತ್ತಿಗೆ ಮೂರು ವರ್ಷ ಇರುವ ನನಗೆ ಇದನ್ನು ಯೋಚಿಸಲು ಒಂದಿಡೀ ಭಾನುವಾರ ಬೇಕಾಯಿತು. ಅದಕ್ಕೂ ನನಗೆ ನನ್ನ ಮೇಲೆಯೇ ಸಿಟ್ಟಿದೆ.

ಗಡಿಯಾರ ಆಕ್ಷೇಪಣೆ ಬರೆದು ಕೊಟ್ಟಿದ್ದರಿಂದ ಸೋಮವಾರ ಸಭೆ ಕರೆದಿದ್ದರು. ಆಡಳಿತಾಧಿಕಾರಿಗಳ ಕೋಣೆಯಲ್ಲಿ ಅವರು, ಮೇಟ್ರನ್, ಗಡಿಯಾರ, ನಾನು. ಅಧಿಕಾರಿಗಳು ನಗುನಗುತ್ತಲೇ ಶುರುಮಾಡಿದರು. "ನೋಡಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಮಗು ಚಿಕ್ಕದು. ಜವಾಬ್ದಾರಿ ಯಾಕೆ ತಲೆ ಮೇಲೆ ಹೊತ್ಕೋತೀಯಾ?"

"ಸಾರ್, ನಾನು ಜವಾಬ್ದಾರಿ ಬೇಡ ಅಂದಿಲ್ಲ. ಯಾವ ವಾರ ಯಾವುದು ತಗೋತೀನಿ ಅಂತ ಎರಡನೇ ಹಾಳೇಲಿದೆ. ಓದಿದ್ರಾ?"

ಅವರು ಫೈಲು ತಿರುವಿದರು. ಮೊದಲ ಹಾಳೆ ಇತ್ತು. ಎರಡನೆಯದು ಇರಲಿಲ್ಲ. ಅರ್ಜಿಯ ಅರ್ಧ ಓದಿ ಅವಳ ಪೂರ್ತಿ ಹುದ್ದೆ ತೆಗೆದಿದ್ದರು ಮಹಾನುಭಾವರು! ಮೇಟ್ರನ್ ತಮ್ಮ ಪ್ರತಿಯನ್ನು ಮುಂದೆ ತಳ್ಳಿದರು. ಅಧಿಕಾರಿಗಳು ಅದರ ಮೇಲೆ ಕಣ್ಣಾಡಿಸಿ, "ಇದೆಲ್ಲ ಸರಿ. ಆದ್ರೆ ಹೇಗಿದ್ರೂ ಇವರಿಂದ ಸುಸೂತ್ರವಾಗಿ ನಡೀತಿದೆಯಲ್ಲ," ಎಂದು ನನ್ನ ಕಡೆ ಕೈ ತೋರಿದರು.

"ನಡೀತಿರ್ಲಿಲ್ಲ ಸಾರ್," ಎಂದೆ. "ಎರಡು ಸಲ ಪರೀಕ್ಷೆ ಫೇಲಾಯ್ತು. ನಂಗೆ ಏನು ಮಾಡ್ಬೇಕು ಅಂತ ಗೊತ್ತಿರ್ಲಿಲ್ಲ. ರಜೇಲಿದ್ದ ಇವಳಿಗೆ ಫೋನ್ ಮಾಡಿ ಕೇಳಿದೆ. ಇವಳು ಹೇಳಿದಂಗೆ ಮಾಡ್ದೆ. ಆ ಹಾಳೆಗೆ ನಾನು ಹಾಕಿದ ಸಹಿ ಸುಳ್ಳು. ಬರೆದು ತಂದಿದೀನಿ, ತಗೊಳ್ಳಿ."

ಮೇಟ್ರನ್ ನನ್ನ ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು. "ಮನೇಲಿ ಮಗು ಎತ್ಕೊಂಡೇ ಈ ವಿಭಾಗ ನಡೆಸಿದಾಳೆ. ಎದುರಿಗೆ ನಾಲ್ಕು ಗಂಟೆ ಇದ್ರೆ ನಡೆಸೋಕಾಗಲ್ವಾ?" ಎಂದರು.

ಅಧಿಕಾರಿಗಳು ಪೆನ್ನು ತೆಗೆದು ಸಹಿ ಹಾಕಿದರು. ಎರಡೂ ಹಾಳೆಗೆ.

ಮುಂದಿನ ಸೋಮವಾರ ಎಂಟಕ್ಕೆ ಗಡಿಯಾರ ಬಂದಳು. ಬೆಳಗಿನ ಪರೀಕ್ಷೆಯನ್ನು ನಾನು ಅವಳಿಗೆ ಒಪ್ಪಿಸಿದೆ, ತಾರೀಖು ಹಾಕಿ ಇಬ್ಬರೂ ಸಹಿ ಮಾಡಿದೆವು. ಹನ್ನೆರಡಕ್ಕೆ ಹೊರಟಳು. ಆ ಮೊದಲ ವಾರದಲ್ಲಿ ಅವಳು ಪುಸ್ತಕದ ಇಪ್ಪತ್ತನೇ ಪುಟ ಶುರುಮಾಡಿ, ಪರೀಕ್ಷೆ ಸರಿ ಬಾರದಿದ್ದರೆ ಏನು ಮಾಡಬೇಕೆಂದು ಬರೆದು, ನನ್ನ ಕೈಯಿಂದ ಗಟ್ಟಿಯಾಗಿ ಓದಿಸಿದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಶುಕ್ರವಾರ ನನಗೊಂದು ನೋಟೀಸು ಬಂತು. ರಜೆಯಲ್ಲಿದ್ದ ಸಿಬ್ಬಂದಿಗೆ ಕಚೇರಿ ಕೆಲಸದ ಸಲುವಾಗಿ ಫೋನ್ ಮಾಡಿದ್ದು ನಿಯಮಬಾಹಿರ, ಮೇಲಧಿಕಾರಿಗಳನ್ನು ಏಕೆ ಸಂಪರ್ಕಿಸಲಿಲ್ಲ, ಮೂರು ದಿನದೊಳಗೆ ವಿವರಣೆ ಕೊಡಿ ಎಂದು. ಕೆಳಗೆ ಅದೇ ಅಧಿಕಾರಿಗಳ ಸಹಿ.

ನನಗೆ ಮೂರು ದಿನ ಬೇಕಾಗಲಿಲ್ಲ. ನೋಟೀಸಿನ ಕೆಳಗೇ ಬರೆದು ಕಳಿಸಿದೆ: 'ಎರಡೂ ಸಲ ಮೊದಲು ಫೋನ್ ಮಾಡಿದ್ದು ತಮಗೇ. ತಾವು ಎತ್ತಲಿಲ್ಲ. ಆಮೇಲೆ ಅವಳಿಗೆ ಮಾಡಿದೆ. ಅವಳು ಮಗುವಿಗೆ ಹಾಲು ಕುಡಿಸುತ್ತಿದ್ದಳು, ಎತ್ತಿದಳು.'