ತಿಮ್ಮರಾಜು ಮೇಷ್ಟ್ರ ಒಂದೇ ರೂಲು

ತಮಿಳುನಾಡಿನ ಕಂಬೈನಲ್ಲೂರಿನಲ್ಲಿ ಇಂಗ್ಲಿಷ್ ಬೋರ್ಡು ಬರೆಸುವವರು ಮೊದಲು ನೆನೆಯುತ್ತಿದ್ದದ್ದು ದೇವರನ್ನಲ್ಲ, ತಿಮ್ಮರಾಜು ಮೇಷ್ಟ್ರನ್ನು. ಮೂವತ್ತೊಂದು ವರ್ಷ ಒಂದೇ ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳಿದ ಮನುಷ್ಯ. ಜೇಬಿನಲ್ಲಿ ಕೆಂಪು ಪೆನ್ನು, ಮೂಗಿನ ತುದಿಯಲ್ಲಿ ಸಿಟ್ಟು. ಮದುವೆ ಕಾಗದ ಕೊಟ್ಟರೆ ಮುಹೂರ್ತ ಆಮೇಲೆ ನೋಡುತ್ತಿದ್ದರು, ತಪ್ಪು ಮೊದಲು ಹುಡುಕುತ್ತಿದ್ದರು. ತಪ್ಪು ಸಿಕ್ಕರೆ ಅವತ್ತು ಮದುವೆಯವರಿಗಿಂತ ಅವರಿಗೇ ಸಂತೋಷ.

ಹಾಗಂತ ಅವರು ಹೇಳುತ್ತಿದ್ದದ್ದೆಲ್ಲ ಸುಳ್ಳಲ್ಲ. ಬಸ್ ಸ್ಟ್ಯಾಂಡ್ ಎದುರು ಬೇಕರಿ ಇಟ್ಟಿರುವ ಪಳನಿ ‘ರಿಯಲ್ ಗುಡ್ ಕೇಕ್ಸ್’ ಎಂದು ಫ್ಲೆಕ್ಸ್ ಕಟ್ಟಿಸಿದಾಗ ಮೇಷ್ಟ್ರು ರಸ್ತೆ ಮಧ್ಯದಲ್ಲೇ ನಿಂತುಬಿಟ್ಟರು. ರಿಯಲ್ ಎನ್ನುವುದು ವಸ್ತುವಿಗೆ ಅಂಟುವ ಮಾತು, ರಿಯಲ್ ಗೋಲ್ಡ್, ರಿಯಲ್ ಬೆಣ್ಣೆ. ಗುಡ್ ಎನ್ನುವುದು ಎಷ್ಟು ಗುಡ್ ಎಂದು ಹೇಳಬೇಕಾದರೆ ರಿಯಲಿ ಬೇಕು, ರಿಯಲಿ ಗುಡ್ ಕೇಕ್ಸ್. ಕಾರುಗಳು ಹಾರ್ನ್ ಹೊಡೆಯುತ್ತಿದ್ದರೂ ಇಷ್ಟನ್ನು ಪೂರ್ತಿ ಹೇಳಿ ಮುಗಿಸಿಯೇ ಪಕ್ಕಕ್ಕೆ ಸರಿದರು. ಸರ್ಕಾರಿ ಕಚೇರಿಯ ಗೋಡೆಯ ಮೇಲೆ ‘ಸ್ಪೀಕ್ ಪೊಲೈಟ್’ ಎಂದಿದ್ದದ್ದನ್ನು ‘ಸ್ಪೀಕ್ ಪೊಲೈಟ್ಲಿ’ ಮಾಡಿಸಿದರು. ಮಾತಾಡುವ ರೀತಿಯನ್ನು ಹೇಳುವಾಗ ಪೊಲೈಟ್ ಸಾಲದು ಎಂದು ಅಲ್ಲಿನ ಗುಮಾಸ್ತನ ಮೇಲೆ ಕೂಗಾಡಿ ಬಂದರು. ಎಲ್ಲವೂ ಸರಿಯೇ.

ಆದರೆ ಆಸಾಮಿಗೆ ಸರಿಯಾಗಿದ್ದರೆ ಸಾಲುತ್ತಿರಲಿಲ್ಲ, ಎಲ್ಲವೂ ಒಂದೇ ಸಾಲಿನ ರೂಲಿನಲ್ಲಿ ಸರಿಯಾಗಿರಬೇಕಿತ್ತು. ‘ನಾಮಪದಕ್ಕೆ ಮುಂಚೆ ಗುಡ್, ಕ್ರಿಯಾಪದದ ನಂತರ ವೆಲ್.’ ಈ ರೂಲನ್ನು ಮಕ್ಕಳು ಬೆಳಗ್ಗೆ ಪ್ರಾರ್ಥನೆ ಆದ ಕೂಡಲೇ ಸಾಲಾಗಿ ನಿಂತು ಹೇಳುತ್ತಿದ್ದರು. ಗುಡ್ ಸಿಂಗರ್, ಸಿಂಗ್ಸ್ ವೆಲ್. ಗುಡ್ ಡ್ರೈವರ್, ಡ್ರೈವ್ಸ್ ವೆಲ್. ಅಲ್ಲಿಗೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೇಷ್ಟ್ರು ನಿಲ್ಲಲಿಲ್ಲ. ಪಳನಿ ಹೊಸ ಫ್ಲೆಕ್ಸ್‌ನ ಕೆಳಗೆ ‘ಅವರ್ ಕೇಕ್ಸ್ ಟೇಸ್ಟ್ ಗುಡ್’ ಎಂದು ಹಾಕಿಸಹೋದಾಗ ಅದನ್ನೂ ಹೊಡೆದುಹಾಕಿ ‘ಟೇಸ್ಟ್ ವೆಲ್’ ಮಾಡಿಸಿದರು. ಶಾಲೆಯವರು ಅಚ್ಚು ಹಾಕಿಸಿದ ವ್ಯಾಕರಣದ ಗೈಡ್‌ನಲ್ಲೂ ಅದೇ ರೂಲು, ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಎಸ್. ತಿಮ್ಮರಾಜು ಎಂದು ಹೆಸರು.

ಶಾಲೆಯ ಕರೆಸ್ಪಾಂಡೆಂಟ್ ವೆಂಕಟಾಚಲಂ, ಎಂದರೆ ಶಾಲೆಯ ಯಜಮಾನರು, ಮೊದಲು ಮರಗೆಣಸಿನಿಂದ ಸಬ್ಬಕ್ಕಿ ಮಾಡುವ ಮಿಲ್ ನಡೆಸುತ್ತಿದ್ದವರು. ಸಬ್ಬಕ್ಕಿ ಬೆರಳಲ್ಲಿ ತಿಕ್ಕಿದರೆ ಅದರ ಜಾತಕ ಹೇಳುತ್ತಿದ್ದರು. ಇಂಗ್ಲಿಷ್ ಮಾತ್ರ ಬರುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷಿನ ವಿಷಯ ಬಂದರೆ ಮೇಷ್ಟ್ರ ಮುಖ ನೋಡಿ ತೀರ್ಮಾನ ಮಾಡುತ್ತಿದ್ದರು.

ಈ ವರ್ಷ ಹತ್ತನೇ ಕ್ಲಾಸಿಗೆ ಇನ್ನೊಬ್ಬ ಇಂಗ್ಲಿಷ್ ಟೀಚರ್ ಬೇಕಾಯಿತು. ಆ ಶಾಲೆಯ ಪದ್ಧತಿ ಏನೆಂದರೆ, ಕೆಲಸ ಕೇಳಿ ಬಂದವರು ನಿಜವಾದ ಕ್ಲಾಸಿನಲ್ಲಿ ನಿಜವಾದ ಮಕ್ಕಳಿಗೆ ಅರ್ಧ ಗಂಟೆ ಪಾಠ ಮಾಡಿ ತೋರಿಸಬೇಕು. ಹಿಂದಿನ ಬೆಂಚಿನಲ್ಲಿ ಕರೆಸ್ಪಾಂಡೆಂಟರು, ಅವರ ಪಕ್ಕದಲ್ಲಿ ಮೇಷ್ಟ್ರು. ಅದಕ್ಕೆ ಡೆಮೊ ಎನ್ನುತ್ತಾರೆ.

ಮೊದಲು ಬಂದವಳು ಮೇನಕಾ. ಮೇಟೂರು ಕಡೆಯ ಕನ್ನಡದ ಬೇಸಾಯಗಾರರ ಮನೆಯ ಹೆಣ್ಣುಮಗಳು, ಕಂಬೈನಲ್ಲೂರಿಗೆ ಸೊಸೆಯಾಗಿ ಬಂದವಳು. ಎಂಟು ತಿಂಗಳ ಕೂಸನ್ನು ಅತ್ತೆಯ ಕೈಯಲ್ಲಿ ಕೊಟ್ಟು ದಿನಾ ಸೇಲಂ ತನಕ ಬಸ್ಸಿನಲ್ಲಿ ಹೋಗಿ ಪಾಠ ಮಾಡಿ ಬರುತ್ತಿದ್ದಳು. ಕತ್ತಲಿರುವಾಗಲೇ ಹೊರಟರೆ ವಾಪಸು ಬರುವಷ್ಟರಲ್ಲಿ ಕೂಸು ನಿದ್ದೆ. ಈ ಶಾಲೆ ಅವಳ ಮನೆಯಿಂದ ಹತ್ತು ನಿಮಿಷದ ನಡಿಗೆ. ಡೆಮೊಗೆ ಮುಂಚೆ ವರಾಂಡದಲ್ಲಿ ತನ್ನ ಹಾಗೇ ಕನ್ನಡ ಮನೆಮಾತಿನ ಮೇಷ್ಟ್ರನ್ನು ಕಂಡು ಇದನ್ನೆಲ್ಲ ಕನ್ನಡದಲ್ಲೇ ಹೇಳಿಕೊಂಡಳು.

“ಕೂಸು ನನ್ನ ಕಂಡ್ರೆ ಅತ್ತೆ ಸೆರಗ ಇಡ್ಕೋತೈತೆ ಸಾರ್. ನಾನು ಯಾರೋ ಅಂತ ತಿಳ್ಕಂಡೈತೆ. ಈ ಕೆಲ್ಸ ಸಿಕ್ರೆ ಮದ್ದಾನ ಊಟಕ್ಕೆ ಓಗಿ ಬರ್‌ಬೋದು.”

“ಚೆನ್ನಾಗಿ ಮಾಡಮ್ಮ, ಸಿಕ್ತೈತೆ” ಎಂದರು ಮೇಷ್ಟ್ರು. ಮನಸ್ಸಿನಿಂದಲೇ ಹೇಳಿದ ಮಾತದು.

ಪಾಠಕ್ಕೆ ಕೊಟ್ಟ ವಿಷಯ ಗುಡ್ ಮತ್ತು ವೆಲ್. ಮೇಷ್ಟ್ರೇ ಆರಿಸಿದ್ದು. ತಮ್ಮ ಹೊಲದಲ್ಲಿ ಬೇರೆಯವರು ಹೇಗೆ ಉಳುತ್ತಾರೆ ನೋಡೋಣ ಎಂಬ ಚಪಲ.

ಮೇನಕಾ ಚೆನ್ನಾಗಿಯೇ ಶುರುಮಾಡಿದಳು. ಷಿ ಸಿಂಗ್ಸ್ ಗುಡ್ ಎಂದು ಬರೆದು ತಪ್ಪು ಹುಡುಕಲು ಹೇಳಿದಳು, ಮಕ್ಕಳು ವೆಲ್ ಎಂದು ಕೂಗಿದರು. ಮೇಷ್ಟ್ರು ತಲೆದೂಗಿದರು. ಆಮೇಲೆ ಬೋರ್ಡಿನ ಮೇಲೆ ‘ದಿ ಪಾಯಸಂ ಸ್ಮೆಲ್ಸ್’ ಎಂದು ಬರೆದು ಮುಂದೆ ಜಾಗ ಬಿಟ್ಟಳು. ಮಕ್ಕಳು ಮತ್ತೆ ವೆಲ್ ಎಂದು ಕೂಗಿದರು. ಅವಳು ಗುಡ್ ಎಂದು ಬರೆದಳು.

ಮೇಷ್ಟ್ರು ಬೆಂಚಿನಿಂದ ಅರ್ಧ ಎದ್ದರು.

ಮೇನಕಾ ಅದಕ್ಕೆ ಪಾಠ ನಿಲ್ಲಿಸಲಿಲ್ಲ. ಮಕ್ಕಳನ್ನು ಕೇಳಿದಳು, “ನಾಯಿ ಸ್ಮೆಲ್ಸ್ ವೆಲ್ ಅಂದರೆ ಏನು?” ಒಬ್ಬ ಹುಡುಗಿ ಎದ್ದು, ನಾಯಿ ಚೆನ್ನಾಗಿ ಮೂಸುತ್ತೆ ಎಂದಳು. “ಹಾಗಾದರೆ ಪಾಯಸಂ ಸ್ಮೆಲ್ಸ್ ವೆಲ್ ಅಂದರೆ ಪಾಯಸಕ್ಕೆ ಮೂಗಿದೆಯಾ? ಅದು ಯಾರನ್ನು ಮೂಸುತ್ತೆ?” ಕ್ಲಾಸೆಲ್ಲ ನಕ್ಕಿತು. ಅನುಮಾನ ಬಂದರೆ ಕ್ರಿಯಾಪದ ತೆಗೆದು ಅಲ್ಲಿ ‘ಈಸ್’ ಇಟ್ಟು ನೋಡಿ ಎಂದಳು. ಪಾಯಸಂ ಈಸ್ ಗುಡ್. ಹೇಳಬೇಕೆಂದಿದ್ದ ವಿಷಯ ಉಳಿಯಿತು, ಹಾಗಾಗಿ ಗುಡ್. ಅದು ಪಾಯಸದ ಗುಣ. ಷಿ ಸಿಂಗ್ಸ್ ತೆಗೆದು ಷಿ ಈಸ್ ಎಂದಿಟ್ಟರೆ ಹಾಡುವುದೇ ಹೋಯಿತು, ಹಾಗಾಗಿ ಅಲ್ಲಿ ವೆಲ್. ಅದು ಹಾಡುವ ರೀತಿ. ಟೇಸ್ಟ್ಸ್, ಸ್ಮೆಲ್ಸ್, ಲುಕ್ಸ್, ಫೀಲ್ಸ್, ಇವೆಲ್ಲ ಹೆಚ್ಚಾಗಿ ಗುಣ ಹೇಳಲು ಬರುವಂಥವು. ಇನ್ನು ಐ ಆ್ಯಮ್ ವೆಲ್ ಎಂದರೆ ಆರೋಗ್ಯವಾಗಿದ್ದೇನೆ ಎಂದು, ಅಲ್ಲಿ ವೆಲ್ ಕೂಡ ಗುಣವೇ.

ಮೇಷ್ಟ್ರಿಗೆ ತಿಳಿಯಿತು. ಅಯ್ಯೋ, ತಿಳಿಯದೇ ಇರುತ್ತದೆಯೇ? ಮೂವತ್ತೊಂದು ವರ್ಷ ವ್ಯಾಕರಣ ಅರೆದವರಿಗೆ ಒಂದು ಪಾಯಸದ ವಾಕ್ಯ ಸಾಕು. ಬೇಕರಿಯ ಕೇಕುಗಳು ಫ್ಲೆಕ್ಸ್‌ನಲ್ಲಿ ತಾವೇ ತಮ್ಮ ನಾಲಿಗೆ ಚಾಚಿ ಊರನ್ನೆಲ್ಲ ರುಚಿ ನೋಡುತ್ತಿರುವುದು ಕಣ್ಣಿಗೆ ಕಟ್ಟಿತು. ಅವರ ಕೈಯಿಂದ ಮಾರ್ಕು ಕಳೆದುಕೊಂಡ ಮಕ್ಕಳೆಲ್ಲ ನೆನಪಾದರು.

ಅಷ್ಟರಲ್ಲಿ ವೆಂಕಟಾಚಲಂ ಬಗ್ಗಿ ಪಿಸುಗುಟ್ಟಿದರು, “ಮಕ್ಕಳು ಒಂದು ಹೇಳ್ತಾರೆ, ಈಯಮ್ಮ ಇನ್ನೊಂದು ಬರೀತಾಳೆ. ಯಾವುದು ಸರಿ ಸಾರ್?”

ಒಂದು ಮಾತು ಸಾಕಿತ್ತು. ಆದರೆ ನಲವತ್ತು ಮಕ್ಕಳು ಹಿಂದಕ್ಕೆ ತಿರುಗಿ ಅವರ ಬಾಯನ್ನೇ ನೋಡುತ್ತಿದ್ದರು.

“ಮಕ್ಕಳು ಹೇಳಿದ್ದು ಸರಿ” ಎಂದರು ಮೇಷ್ಟ್ರು.

ಹೋಗಲಿ, ಅವರೂ ಮನುಷ್ಯರೇ. ಆದರೂ ಹೇಳುತ್ತೇನೆ, ಆ ಮಾತು ಅವರ ಬಾಯಿಂದ ಬರಬಾರದಿತ್ತು.

ಮೇನಕಾ ಸೀಮೆಸುಣ್ಣ ಇಟ್ಟು ಕೈ ಒರೆಸಿಕೊಂಡು ಹೊರಟಳು. ಗೇಟಿನ ಹತ್ತಿರ ಮೇಷ್ಟ್ರು ಹಿಂದೆ ಹೋದರು, ಯಾಕೆ ಹೋದರೋ ಅವರಿಗೇ ಗೊತ್ತಿಲ್ಲ.

“ಬೇರೆ ಇಸ್ಕೂಲ್ ನೋಡಮ್ಮ, ನಿಂಗೆ ಸಿಕ್ತೈತೆ.”

“ನಿಮ್ಗೆ ಗೊತ್ತಾತು ಸಾರ್” ಎಂದಳು ಮೇನಕಾ, ಸಿಟ್ಟಿಲ್ಲದೆ. “ನಾಯಿ ಮಾತು ಏಳ್ದಾಗಲೇ ನಿಮ್ ಮೊಕದಾಗೆ ಕಾಣ್ತು. ಗೊತ್ತಿಲ್ದೆ ಏಳಿದ್ರೆ ನಂಗಿಷ್ಟು ಬೇಜಾರಾಗ್ತಿರ್ಲಿಲ್ಲ. ಬರ್ತೀನಿ.”

ಆ ವಾರವೆಲ್ಲ ಮೇಷ್ಟ್ರಿಗೆ ಊಟ ಸೇರಲಿಲ್ಲ. ಹೆಂಡತಿ ನಾರಾಯಣಮ್ಮ ಸಾರು ಬಡಿಸಿ ಹೇಗಿದೆ ಎಂದರೆ, ಏನೋ ವ್ಯಾಕರಣದ ಪ್ರಶ್ನೆ ಕೇಳಿದ ಹಾಗೆ ಬೆಚ್ಚುತ್ತಿದ್ದರು. ನಾಲ್ಕನೆಯ ದಿನ ಬಾಯಿಬಿಟ್ಟರು. ನಾರಾಯಣಮ್ಮ ಪೂರ್ತಿ ಕೇಳಿದರು.

“ಓಗಿ ಏಳ್ಬುಡಿ. ತಪ್ಪಾತು ಅಂದ್ರೆ ಏನು, ತಲೆ ಓಗ್ತದಾ?”

ಸೋಮವಾರ ಎರಡನೆಯವನ ಡೆಮೊ. ಅವನು ಸತೀಶ್‌ಕುಮಾರ್, ಇದೇ ಶಾಲೆಯಲ್ಲಿ ಮೇಷ್ಟ್ರ ಕೈಯಲ್ಲೇ ಕಲಿತವನು. ಮೇನಕಾಳಿಗೆ ಕೊಟ್ಟ ವಿಷಯವನ್ನೇ ಅವನಿಗೂ ಕೊಟ್ಟಿದ್ದರು. ಅವನು ಬೋರ್ಡಿನ ತುಂಬ ‘ಸ್ಮೆಲ್ಸ್ ವೆಲ್, ಟೇಸ್ಟ್ಸ್ ವೆಲ್, ಲುಕ್ಸ್ ವೆಲ್’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದ. ಮಕ್ಕಳು ಒಕ್ಕೊರಲಿನಿಂದ ರೂಲು ಹೇಳಿದರು. ವೆಂಕಟಾಚಲಂಗೆ ಬಹಳ ಖುಷಿಯಾಯಿತು.

ಡೆಮೊ ಮುಗಿದು ಆಫೀಸಿಗೆ ಬಂದ ಮೇಲೆ ಮೇಷ್ಟ್ರು ಬಾಗಿಲು ಹಾಕಿಕೊಂಡು ನಿಂತೇ ಹೇಳಿದರು. ಆ ಹುಡುಗಿ ಸರಿ, ನಾನು ತಪ್ಪು. ಅವತ್ತು ಒಪ್ಪಿಕೊಳ್ಳಲು ನಾಚಿಕೆಯಾಗಿ ಸುಳ್ಳು ಹೇಳಿದೆ. ಕೆಲಸ ಅವಳಿಗೇ ಕೊಡಬೇಕು. ಹೇಳುವಾಗ ಕಣ್ಣಲ್ಲಿ ನೀರು ಬಂತು.

ವೆಂಕಟಾಚಲಂ ಪೂರ್ತಿ ಕೇಳಿ, ಎದ್ದು ಬಂದು ಅವರ ಭುಜದ ಮೇಲೆ ಕೈ ಇಟ್ಟರು.

“ನಿಮ್ಮ ಮನಸ್ಸು ದೊಡ್ಡದು ಸಾರ್. ಆಕೆ ನಿಮ್ಮ ಕನ್ನಡದವಳು, ಕೈಗೂಸು ಬೇರೆ, ಪಾಪ. ಆಕೆಗೋಸ್ಕರ ನಿಮ್ಮ ಮೇಲೇ ತಪ್ಪು ಹಾಕ್ಕೊಳ್ತಿದ್ದೀರಿ. ನನಗೆ ಅರ್ಥ ಆಗಲ್ವಾ?”

“ಇಲ್ಲ ಸಾರ್, ನಿಜವಾಗಿ ನಾನು ತಪ್ಪು.”

“ನೀವಾ? ಮೂವತ್ತೊಂದು ವರ್ಷದಲ್ಲಿ ಒಂದು ಸಲವಾದರೂ ನೀವು ‘ನಾನು ತಪ್ಪು’ ಅಂದದ್ದು ಯಾರಾದರೂ ಕೇಳಿದ್ದಾರಾ?”

ಯಾರೂ ಕೇಳಿರಲಿಲ್ಲ. ವೆಂಕಟಾಚಲಂ ಡ್ರಾಯರಿನಿಂದ ಗೈಡ್ ತೆಗೆದು, ಮೇಷ್ಟ್ರ ಕೈಯಿಂದಲೇ ಆ ರೂಲಿನ ಪುಟ ತೆಗೆಸಿದರು. ಅಲ್ಲಿ ಪಾಯಸವಿರಲಿಲ್ಲ, ಮಲ್ಲಿಗೆಯಿತ್ತು. ದಿ ಜಾಸ್ಮಿನ್ ಸ್ಮೆಲ್ಸ್ ವೆಲ್. ವೆಂಕಟಾಚಲಂ ರಟ್ಟು ಮಗುಚಿ ಅದರ ಮೇಲಿನ ಹೆಸರಿಗೆ ಬೆರಳಿಟ್ಟರು.

“ಓದೋಕೆ ಬರದಿದ್ದರೂ ಇದು ಯಾರ ಹೆಸರು ಅಂತ ನನಗೆ ಗೊತ್ತು. ಅಚ್ಚಾಗಿರೋದು ಸುಳ್ಳಾಗುತ್ತಾ ಸಾರ್?”

ಹೊರಗೆ ಕಾಯುತ್ತಿದ್ದ ಸತೀಶ್‌ಕುಮಾರನನ್ನು ಕರೆದು ಕೆಲಸ ಸಿಕ್ಕಿತೆಂದು ಹೇಳಿದರು. ಅವನು ನೇರವಾಗಿ ಬಂದು ಮೇಷ್ಟ್ರ ಕಾಲಿಗೆ ಬಿದ್ದ.

“ಎಲ್ಲಾ ನೀವು ಹೇಳಿಕೊಟ್ಟದ್ದು ಸಾರ್. ಒಂದಕ್ಷರ ಮರೆತಿಲ್ಲ.”

ಕೆಲಸದ ಆರ್ಡರಿನಲ್ಲಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥರ, ಎಂದರೆ ಮೇಷ್ಟ್ರದೇ, ಸಹಿ ಬೇಕಿತ್ತು. ಮೇಷ್ಟ್ರು ಇನ್ನೊಂದು ಸಲ ಬಾಯಿ ತೆರೆದರು. ವೆಂಕಟಾಚಲಂ ನಗುತ್ತಾ ಪೆನ್ನು ಮುಂದೆ ಹಿಡಿದರು, ಹುಡುಗ ಕೈಕಟ್ಟಿ ಕಾಯುತ್ತಾ ನಿಂತಿದ್ದ. ತಿಮ್ಮರಾಜು ಮೇಷ್ಟ್ರು ಕೂತು ಸಹಿ ಹಾಕಿದರು.