ಕೋರಂ ಬೇಡದ ಸಭೆ

ಮಂಡ್ಯದ ಒಂದು ಡಿಟಿಪಿ ಅಂಗಡಿಯವರು ಕೊಡುವ ಇಂಗ್ಲಿಷ್ ಕಾಗದಗಳನ್ನು ಕನ್ನಡಕ್ಕೆ ತರುವುದು ನನ್ನ ಕಸುಬು. ಟೆಂಡರು, ಕ್ರಯಪತ್ರ, ಬ್ಯಾಂಕಿನ ಷರತ್ತು, ಏನು ಬಂದರೂ ಸರಿ. ನನ್ನ ಕನ್ನಡದ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು. ಒಮ್ಮೆ ಕೊಪ್ಪದ ಕಡೆ ಕಟ್ಟಬೇಕೆಂದಿದ್ದ ಮದ್ಯಸಾರ ಕಾರ್ಖಾನೆಯ ಪರಿಸರ ವರದಿಯ ಸಾರಾಂಶ ಬಂತು. ಹನ್ನೊಂದನೇ ಪುಟಕ್ಕೆ ಬರುವ ಹೊತ್ತಿಗೆ ಕೈ ನಿಂತುಹೋಯಿತು.

ಕಬ್ಬಿನ ಕಾಕಂಬಿಯನ್ನು ಬಟ್ಟಿ ಇಳಿಸಿದ ಮೇಲೆ ಉಳಿಯುವ ಕಪ್ಪು ನೀರನ್ನು ತುಂಬಿಡಲು ಒಂದು ಕೊಳ. ಅದರ ತಳದ ಪ್ಲಾಸ್ಟಿಕ್ ಹಾಸು ಹರಿದರೆ ಅಂತರ್ಜಲ ಹರಿಯುವ ದಿಕ್ಕಿನ ಬಾವಿಗಳು ಕೆಡಬಹುದು ಎಂದು ವರದಿಯೇ ಒಪ್ಪಿಕೊಂಡಿತ್ತು. ಆ ದಿಕ್ಕಿಗೆ ನಕ್ಷೆಯಲ್ಲಿ ಇದ್ದದ್ದು ಒಂದೇ ಊರು, ನನ್ನ ಸೋದರತ್ತೆಯದು. ನಲ್ಲಿ ನಿಂತ ದಿನ ಇಡೀ ಬೀದಿಯೇ ಬಂದು ನೀರು ಸೇದುವುದು ಅತ್ತೆಯ ಹಿತ್ತಲ ಬಾವಿಯಲ್ಲಿ.

ಆದರೂ ಕೆಲಸ ಮುಗಿಸಿ ಕೊಟ್ಟೆ. ಸಾರಾಂಶ ಅಚ್ಚಾಗಿ ಪಂಚಾಯ್ತಿ ಆಫೀಸಿಗೂ ಬಂತು, ಕಾರ್ಖಾನೆಯ ಬಗ್ಗೆ ಜನರ ಮಾತು ಕೇಳುವ ಅಹವಾಲು ಸಭೆಯ ನೋಟಿಸು ಪೇಪರಿನಲ್ಲೂ ಬಂತು. ಸಭೆಗೆ ಇನ್ನೊಂದು ತಿಂಗಳಿತ್ತು. ಒಂದು ಭಾನುವಾರ ಬಸ್ಸು ಹತ್ತಿ ಹೋಗಿ ಅತ್ತೆಯ ಜಗಲಿಯ ಮೇಲೆ ಕೂತು ನನ್ನದೇ ಕನ್ನಡವನ್ನು ಗಟ್ಟಿಯಾಗಿ ಓದಿದೆ. "ಅಂತರ್ಜಲದ ಗುಣಮಟ್ಟದ ಮೇಲೆ ಸಂಭಾವ್ಯ ಪ್ರತಿಕೂಲ ಪರಿಣಾಮ..."

ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ, "ಇದ್ಯಾವ ಸೀಮೆ ಕನ್ನಡ ಕಣಮ್ಮ? ನಮ್ ಬಾವಿ ಕೆಡ್ತದಾ, ಇಲ್ವಾ? ಅದ್ನ ಯೋಳು" ಅಂದರು.

ನನ್ನ ಜಂಬ ಅಲ್ಲೇ ಇಳಿಯಿತು. ಅಲ್ಲೇ ಕೂತು ಎರಡು ಹಾಳೆಯಲ್ಲಿ ಹೊಸದಾಗಿ ಬರೆದೆ. ಕೊಳ ಎಲ್ಲಿ, ಹಾಸು ಹರಿದರೆ ನೀರು ಯಾವ ಕಡೆಗೆ, ಯಾವ ಬಾವಿಗೆ. ಆಕ್ಷೇಪಣೆಯನ್ನು ಸಭೆಯಲ್ಲಿ ಬಾಯಲ್ಲಿ ಹೇಳಬಹುದು, ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮೊದಲೇ ಬರೆದು ಕಳಿಸಬಹುದು ಎಂದೂ ಸೇರಿಸಿದೆ. ಸಂಜೆ ಅರಳಿಕಟ್ಟೆಯಲ್ಲಿ ಅದನ್ನೇ ಓದಿದೆ. ಎಲ್ಲರಿಗೂ ಅರ್ಥವಾಯಿತು, ಎಲ್ಲರಿಗೂ ಸಿಟ್ಟು ಬಂತು.

ಪಂಚಾಯ್ತಿ ಮೆಂಬರಾಗಿದ್ದ ಒಬ್ಬ ಹಿರಿಯರು ಎದ್ದು ನಿಂತರು. "ಯಾರೂ ಓಗ್ಬ್ಯಾಡಿ ಕಣ್ರಲಾ. ಗ್ರಾಮಸಭೆಗೆ ಜನ ಬರ್ದಿದ್ರೆ ಏನ್ಮಾಡ್ತಾರೆ? ಕೋರಂ ಇಲ್ಲ ಅಂತ ಮುಂದಕ್ಕಾಕ್ತಾರೆ. ಇದ್ನೂ ಅಂಗೇ ಮುಂದಕ್ಕಾಕುಸ್ತಾ ಓಗಣ. ಕಾರ್ಖಾನೆಯೋರೇ ಬೇಸತ್ತು ಓಯ್ತಾರೆ."

ಆ ಊರಲ್ಲಿ ಈ ಉಪಾಯ ಎಷ್ಟೋ ಸಲ ಗೆದ್ದಿತ್ತು. ನನಗೂ ಭಲೇ ಅನ್ನಿಸಿತು. "ಒಳ್ಳೇ ಯೋಚನೆ" ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಕಾಯಿದೆಯ ಪುಸ್ತಕ ತೆಗೆದು ನೋಡಬೇಕೆಂಬ ಬುದ್ಧಿ ಬರಲಿಲ್ಲ.

ಸಭೆಯ ದಿನ ಖಾಲಿ ಶಾಮಿಯಾನ ನೋಡಿ ಖುಷಿಪಡೋಣವೆಂದೇ ಹೋದೆ. ನೂರಾರು ಕುರ್ಚಿ, ಮುಂದಿನ ಸಾಲಿನಲ್ಲಿ ಕಾರ್ಖಾನೆಯ ಕಡೆಯವರು ಏಳೆಂಟು ಮಂದಿ. ಜಿಲ್ಲಾಡಳಿತದ ಅಧಿಕಾರಿ ಗಡಿಯಾರ ನೋಡಿಕೊಂಡರು. ಮೈಕಿನಲ್ಲಿ, "ಶುರು ಮಾಡೋಣ" ಅಂದರು. ವಿಡಿಯೋ ಕ್ಯಾಮೆರಾ ಚಾಲೂ ಆಯಿತು.

ನಾನು ಓಡಿಹೋಗಿ, "ಜನ ಬಂದಿಲ್ಲ ಸಾರ್, ಕೋರಂ?" ಎಂದೆ.

"ಈ ಸಭೆಗೆ ಕೋರಂ ಅಂತ ಇಲ್ಲಮ್ಮ. ನಿಯಮದಲ್ಲೇ ಇದೆ" ಎಂದು ಅವರು ಸಮಾಧಾನವಾಗಿ ಹೇಳಿದರು.

ಅತ್ತೆಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ನಾಲ್ಕನೇ ಸಲಕ್ಕೆ ಎತ್ತಿದರು. ಅಷ್ಟರಲ್ಲಿ ಕಂಪನಿಯವರು ನನ್ನದೇ ಅನುವಾದವನ್ನು ಖಾಲಿ ಕುರ್ಚಿಗಳಿಗೆ ಓದಿ ಮುಗಿಸುತ್ತಿದ್ದರು. ನಾನೂ ಎದ್ದು ಮಾತಾಡಬಹುದಿತ್ತು. ಫೋನು ಹಿಡಿದುಕೊಂಡು ರಸ್ತೆಯ ಕಡೆಯೇ ನೋಡುತ್ತಾ ನಿಂತಿದ್ದೆ.

ಕೊನೆಗೆ ಅಧಿಕಾರಿ ಸಭೆಯ ನಡಾವಳಿ ಓದುತ್ತಿದ್ದಾಗ ಯಾರದೋ ಸ್ಕೂಟರಿನ ಹಿಂದೆ ಕೂತು ಅತ್ತೆ ಬಂದರು. ಹಿತ್ತಲ ಕೆಲಸದ ಸೀರೆಯಲ್ಲೇ ಬಂದಿದ್ದರು. ಅಧಿಕಾರಿ ಓದುವುದನ್ನು ನಿಲ್ಲಿಸಿ ಮೈಕು ಕೊಡಿಸಿದರು.

"ಸ್ವಾಮಿ, ನಮ್ಮೂರು ಬಂದಿಲ್ಲ ಅಂದ್ರೆ ಒಪ್ಕಂಡೈತೆ ಅಂತಲ್ಲ. ಬ್ಯಾಡ ಅಂತಲೇ ಬಂದಿಲ್ಲ. ಆ ನೀರ್ನ ನಾವು ಕುಡಿಯೋದು."

"ನೀವು ಹೇಳಿದ್ದನ್ನ ಬರ್ಕೋತೀವಿ ಅಮ್ಮ. ಆದ್ರೆ ಗೈರುಹಾಜರಿಯನ್ನೇ ಆಕ್ಷೇಪಣೆ ಅಂತ ದಾಖಲು ಮಾಡೋಕಾಗಲ್ಲ."

ನಡಾವಳಿಯನ್ನು ಮತ್ತೆ ಓದಿದರು. ಹಾಜರಾದ ಗ್ರಾಮಸ್ಥರು, ಒಬ್ಬರು. ಆಕ್ಷೇಪಣೆ, ಒಂದು. ಇಡೀ ಊರಿನ ಸಿಟ್ಟು ಅಷ್ಟರಲ್ಲೇ ಮುಗಿದಿತ್ತು. ಮಂಡಳಿಗೆ ಕಾಗದ ಯಾರೂ ಬರೆದಿರಲಿಲ್ಲ. ಹೋಗುವುದೇ ಬೇಡ ಎಂದ ಮೇಲೆ ಬರೆಯುವುದೇಕೆ ಎಂದುಕೊಂಡಿದ್ದರಂತೆ.

ಅತ್ತೆ ಹಾಜರಿ ಪುಸ್ತಕದಲ್ಲಿ ನಿಧಾನವಾಗಿ ಸಹಿ ಹಾಕಿ ನನ್ನ ಹತ್ತಿರ ಬಂದರು. ಬೈದಿದ್ದರೆ ಚೆನ್ನಾಗಿತ್ತು.

"ಬಾವಿ ಕೆಡ್ತದೆ ಅಂತ ಚೆಂದಾಗ್ ತಿಳ್ಸ್‌ದೆ ಕಣಮ್ಮ" ಅಂದರು. "ನಾವು ಓಗ್ದಿದ್ರೂ ಸಭೆ ಆಯ್ತದೆ ಅನ್ನೋದ್ನ ಯಾಕ್ ಯೋಳ್ಲಿಲ್ಲ?"